‘ಆದ್ರ’ ಕತ್ತರಿಸಿದರೆ

ಹುಬ್ಬಳ್ಳಿ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತ ಪತ್ರಿಕೆ ತಿರುವುವವರನ್ನು ಗಮನಿಸುವುದು ನನಗೊಂದು ಚಟ. ಮೊದಲು ಫೋಟೊ ನೋಡುತ್ತಾರೆ. ಆಮೇಲೆ ಶೀರ್ಷಿಕೆ. ಅದಾದ ಮೇಲೆ ಪುಟದ ನಡುವೆ ದಪ್ಪಕ್ಷರದಲ್ಲಿ ನಿಂತಿರುವ ಒಂದು ಮಾತು, ಸಂದರ್ಶನದಿಂದ ಎತ್ತಿಟ್ಟದ್ದು. ಅಲ್ಲಿಗೆ ಪುಟ ತಿರುಗುತ್ತದೆ. ಹತ್ತರಲ್ಲಿ ಎಷ್ಟು ಜನ ಪೂರ್ತಿ ಸಂದರ್ಶನ ಓದುತ್ತಾರೋ ಗೊತ್ತಿಲ್ಲ. ಆದರೆ ಆ ನಾಲ್ಕು ಸಾಲನ್ನು ಬಹುತೇಕ ಎಲ್ಲರೂ ಓದುತ್ತಾರೆ. ಕೆಲವರು ಮೊಬೈಲಿನಲ್ಲಿ ಅಷ್ಟನ್ನೇ ಫೋಟೊ ಹೊಡೆದು ಕಳಿಸುತ್ತಾರೆ. ಆಗ ಶೀರ್ಷಿಕೆಯೂ ಇಲ್ಲ, ಪ್ರಶ್ನೆಯೂ ಇಲ್ಲ, ಹಿಂದುಮುಂದಿನ ಪ್ಯಾರಾವೂ ಇಲ್ಲ. ಒಬ್ಬ ಮನುಷ್ಯ, ಅವನ ಹೆಸರಿನ ಮೇಲೆ ಒಂದು ಮಾತು, ಅಷ್ಟೇ.

ಪುಟ ಕಟ್ಟುವ ಕೆಲಸದಲ್ಲಿ ಇದನ್ನು ಪುಲ್ ಕೋಟ್ ಅನ್ನುತ್ತೇವೆ. ಆಫೀಸಿನಲ್ಲಿ ಬರೀ ‘ಕೋಟ್’. ಸಾಮಾನ್ಯವಾಗಿ ಇದು ಕೊನೆಯ ಗಳಿಗೆಯ ಕೆಲಸ. ಪುಟದಲ್ಲಿ ಒಂದಿಷ್ಟು ಜಾಗ ಉಳಿದಿದೆ, ವಿನ್ಯಾಸ ಮಾಡುವ ಹುಡುಗ ಕೂಗುತ್ತಾನೆ, “ಸರ್, ಒಂದ್ ಕೋಟ್ ಕೊಡ್ರಿ, ನಾಲ್ಕ್ ಸಾಲಿಗಿಂತ ಜಾಸ್ತಿ ಬ್ಯಾಡ್ರಿ.” ಆಗ ಯಾರೋ ಒಬ್ಬರು ಕಣ್ಣಾಡಿಸಿ, ಖಾರವಾಗಿ ಕಂಡ ಒಂದು ಮಾತು ಎತ್ತಿ ಕೊಡುತ್ತಾರೆ. ಇಡೀ ಲೇಖನಕ್ಕೆ ನಾಲ್ಕು ಸಲ ಕರಡು ತಿದ್ದುವ ನಾವು, ಎಲ್ಲರೂ ಓದುವ ಆ ನಾಲ್ಕು ಸಾಲಿಗೆ ನಾಲ್ಕು ನಿಮಿಷವನ್ನೂ ಕೊಡುವುದಿಲ್ಲ. ಇದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಹಾಗಾಗಿ ಒಂದೇ ಒಂದು ಕೋಟಿನ ಕತೆಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಬೆಟಗೇರಿಯ ಮಾತು

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರಲ್ಲಿ ಅದೇ ತಾರೀಕಿಗೆ ಸ್ವದೇಶಿ ಚಳವಳಿ ಶುರುವಾದ ನೆನಪಿಗೆ 2015ರಿಂದ ಆಚರಿಸುತ್ತಿದ್ದಾರೆ. ಪತ್ರಿಕೆಗಳಿಗೆ ಅದು ಒಂದು ನೆಪ. ಆ ತಿಂಗಳು ನೇಕಾರರ ಮೇಲೆ ಒಂದು ಲೇಖನ ಬರಲೇಬೇಕು, ಅದರಲ್ಲಿ ‘ಕೊನೆಯುಸಿರು ಎಳೆಯುತ್ತಿರುವ ಮಗ್ಗ’ ಇರಲೇಬೇಕು. ಅಂದರೆ ವರದಿಗಾರ ಗದಗಿನ ಗಾಡಿ ಹತ್ತುವ ಮುಂಚೆಯೇ ಕೋಟ್ ಎಂಥದ್ದಿರಬೇಕು ಎಂದು ತೀರ್ಮಾನ ಆಗಿರುತ್ತದೆ. ಇನ್ನು ಅದನ್ನು ಹೇಳುವ ಬಾಯಿ ಹುಡುಕುವುದೊಂದೇ ಬಾಕಿ.

ನಮ್ಮಲ್ಲಿ ಆ ಕೆಲಸಕ್ಕೆ ಹೋದವಳು ಹೊಸದಾಗಿ ಸೇರಿದ ಹುಡುಗಿ. ನಾನೂ ಜತೆಗಿದ್ದೆ. ಬೆಟಗೇರಿಯ ಒಂದು ಮನೆ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತ ಐವತ್ತು ದಾಟಿದ ಒಬ್ಬರು. ಮಾತಾಡುವಾಗಲೂ ಅವರ ಕೈ ನಿಲ್ಲಲಿಲ್ಲ. ಹಾಗಾಗಿ ರೆಕಾರ್ಡಿನ ತುಂಬ ಮಗ್ಗದ ಸದ್ದು. ಅವರ ಮಗ ಬೇರೆ ಊರಲ್ಲಿ ಕೆಲಸಕ್ಕಿದ್ದಾನೆ ಎಂದು ಓಣಿಯಲ್ಲಿ ಯಾರೋ ಮೊದಲೇ ಹೇಳಿದ್ದರು. ಹುಡುಗಿ ಕೇಳಿದಳು, “ಕಾಕಾ, ಮಗನಿಗೆ ಮಗ್ಗ ಬ್ಯಾಡ ಅಂದಿದ್ರಂತಲ್ಲ, ಹೌದೇನ್ರಿ?”

ಅವರು ಹೇಳಿದ್ದನ್ನು ವಾಪಸ್ ಬರುವಾಗ ರೈಲಿನಲ್ಲೇ ಕಿವಿಗೆ ವಯರ್ ಸಿಕ್ಕಿಸಿಕೊಂಡು ಬರೆದುಕೊಂಡೆವು. ಅಣ್ಣಿಗೇರಿ ದಾಟುವ ಹೊತ್ತಿಗೆ ಕಾಗದದ ಮೇಲೆ ಇಷ್ಟಿತ್ತು:

“ನನ್ನ ಮಗ ಮಗ್ಗಕ್ಕ ಕುಂದ್ರೋದು ಬ್ಯಾಡ ಅಂತ ನಾ ಅಂದಿದ್ದು ಖರೇ ಐತ್ರಿ. ಆವಾಗ ಅವಂದು ಎಸ್ಸೆಸ್ಸೆಲ್ಸಿ ಪರೀಕ್ಷಾ ಇತ್ತು. ಮದ್ಲ ಸಾಲಿ ಮುಗಸು ಅಂದ್ನಿ. ಮಗ್ಗ ಕೆಟ್ಟದ್ದು ಅಂತ ಅಲ್ರಿ. ಈಗ ಅವನೇ, ಅವನೇ ಬಂದು ಕುಂದರ್ತೀನಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ ನೋಡ್ರಿ. ಆದ್ರ ಕೂಲಿ ಹಿಂಗ ಇದ್ರ, ಈಗ ಐತಲ್ಲ ಹಿಂಗ, ಅವನರ ಯಾಕ ಬರ್ತಾನ್ರಿ?”

ಒಂದು ಪ್ಯಾರಾ. ಇದರೊಳಗೆ ನಾಲ್ಕು ಬೇರೆ ಬೇರೆ ಮನುಷ್ಯರನ್ನು ಕತ್ತರಿಸಿ ತೆಗೆಯಬಹುದು.

ಮೊದಲನೆಯವನು ಎಲ್ಲರ ಕಣ್ಣಿಗೂ ಬೀಳುವವನು. “ನನ್ನ ಮಗ ಮಗ್ಗಕ್ಕ ಕುಂದ್ರೋದು ಬ್ಯಾಡ.” ಐದೇ ಮಾತು, ಒಂದಕ್ಷರವೂ ನಮ್ಮದಲ್ಲ, ಕ್ರಮವೂ ಅದೇ. ಫೋಟೊದ ಪಕ್ಕ ಇಟ್ಟರೆ ಓದುಗರ ಎದೆ ಝಲ್ ಅನ್ನುತ್ತದೆ. ನಮ್ಮ ಸಂಪಾದಕರು ಬೆರಳಿಟ್ಟಿದ್ದೂ ಅದರ ಮೇಲೆಯೇ. ಆದರೆ ಅದು ಅವರು ಈಗ ಹೇಳುತ್ತಿರುವ ಮಾತಲ್ಲ. ಹಿಂದೊಮ್ಮೆ ಪರೀಕ್ಷೆಯ ಹೊತ್ತಿಗೆ ಹೇಳಿದ್ದನ್ನು ಈಗ ನೆನಪಿಸಿಕೊಳ್ಳುತ್ತಿದ್ದಾರೆ. ನಡುವಿನ ‘ಅಂತ’ ಇರುವುದೇ ಅದಕ್ಕೆ. ಅಷ್ಟೇ ಅಲ್ಲ, ‘ಬ್ಯಾಡ’ ಎಂಬ ಮಾತನ್ನು ಮೊದಲು ಆಡಿದ್ದು ನಮ್ಮ ಹುಡುಗಿ. ಅವರು ಅದನ್ನು ಪ್ರಶ್ನೆಯಿಂದ ಎತ್ತಿಕೊಂಡು, ಹೌದು ಅಂದಿದ್ದೆ, ಆದರೆ ಯಾಕೆ ಅಂದರೆ ಎಂದು ವಿವರಿಸಲು ಹೊರಟಿದ್ದಾರೆ. ಕೋಟಿನಲ್ಲಿ ಪ್ರಶ್ನೆ ಇರುವುದಿಲ್ಲ. ಹಾಗಾಗಿ ನಾವು ಬಾಯಿಗಿಟ್ಟ ಮಾತೇ ಅವರದಾಗಿ ಹೊರಗೆ ಬರುತ್ತದೆ.

(ಇಲ್ಲೊಂದು ಮಾತು. ನಮ್ಮ ಕಡೆ ‘ಹೌದ್ರೀ’, ‘ಹೂಂನ್ರಿ’ ಅನ್ನುವುದು ಎಷ್ಟೋ ಸಲ ಒಪ್ಪಿಗೆ ಅಲ್ಲವೇ ಅಲ್ಲ. ಕೇಳಿಸ್ತು, ಮುಂದೆ ಹೇಳು ಅಂತ ಅರ್ಥ. “ಸರ್ಕಾರ ನಿಮ್ಮನ್ನ ಮರತೈತಿ ಅನಸ್ತೈತೇನ್ರಿ?” ಎಂದು ಕೇಳಿ, “ಹೂಂನ್ರಿ” ಎಂದು ಬಂದ ಕೂಡಲೇ “ಸರ್ಕಾರ ನಮ್ಮನ್ನು ಮರೆತಿದೆ” ಎಂದು ಕೋಟ್ ಮಾಡುವವರಿದ್ದಾರೆ. ಹಾಗೆ ಮಾಡಿದ್ದು ಹಿಡಿಯಲು ಒಂದು ಸುಲಭ ದಾರಿ ಇದೆ. ಕೋಟಿನ ಮುಖ್ಯ ಪದ ಟೇಪಿನಲ್ಲಿ ಮೊದಲು ಯಾರ ಬಾಯಲ್ಲಿ ಬಂತು ನೋಡಿ. ಪ್ರಶ್ನೆ ಕೇಳಿದವರ ಬಾಯಲ್ಲಾದರೆ ಆ ಮಾತನ್ನು ಕೋಟಿಗೆ ಎತ್ತಬಾರದು.)

ಎರಡನೆಯವನು ಚುಕ್ಕಿಗಳಿಂದ ಹುಟ್ಟುವವನು. “ನನ್ನ ಮಗ ಮಗ್ಗಕ್ಕ ಕುಂದ್ರೋದು ಬ್ಯಾಡ... ಕೂಲಿ ಹಿಂಗ ಇದ್ರ, ಅವನರ ಯಾಕ ಬರ್ತಾನ್ರಿ?” ಸಂಪಾದಕರು ಮೊದಲನೆಯದನ್ನು ಬಿಟ್ಟುಕೊಟ್ಟು ಇದಕ್ಕೆ ಬಂದರು. “ಚುಕ್ಕಿ ಹಾಕೇವಲ್ಲ, ಬಿಟ್ಟೇವಿ ಅಂತ ಹೇಳಿದಂಗಾತು” ಎಂದರು. ಮೇಲ್ನೋಟಕ್ಕೆ ಹೌದು. ಆದರೆ ಆ ಮೂರು ಚುಕ್ಕಿ ನುಂಗಿದ್ದೇನು? ಪರೀಕ್ಷೆಯನ್ನು, ಸಾಲಿಯನ್ನು, ‘ಕೆಟ್ಟದ್ದು ಅಂತ ಅಲ್ರಿ’ಯನ್ನು. ಕೊನೆಗೆ ಬ್ಯಾಡ ಅಂದಿದ್ದಕ್ಕೆ ಕೂಲಿಯೇ ಕಾರಣ ಎಂಬ ಸಂಬಂಧವೊಂದು ಹೊಸದಾಗಿ ಕಟ್ಟಿಕೊಂಡಿತು. ಅವರು ಹಾಗೆ ಹೇಳಲೇ ಇಲ್ಲ. ಆಗಿನದಕ್ಕೆ ಕಾರಣ ಪರೀಕ್ಷೆ, ಈಗಿನದಕ್ಕೆ ಕಾರಣ ಕೂಲಿ. ಎರಡು ಕಾಲದ ಎರಡು ಮಾತನ್ನು ಚುಕ್ಕಿ ಒಂದೇ ಉಸಿರಿಗೆ ಹೊಲಿದುಬಿಟ್ಟಿತು. ಚುಕ್ಕಿಗೆ ಇನ್ನೊಂದು ಕೆಟ್ಟ ಗುಣವೂ ಇದೆ. ಲೇಖನದೊಳಗಿನ ಸಣ್ಣಕ್ಷರದಲ್ಲಿ ಅದು ‘ಇಲ್ಲಿ ಏನೋ ಬಿಟ್ಟಿದೆ’ ಎಂಬ ಗುರುತು. ದೊಡ್ಡ ಅಕ್ಷರದಲ್ಲಿ, ಅಳು ಮುಖದ ಫೋಟೊದ ಪಕ್ಕದಲ್ಲಿ, ಅದು ಮಾತಾಡುವವರ ಗಂಟಲು ಕಟ್ಟಿದ ಹಾಗೆ ಕಾಣುತ್ತದೆ. ನೇಕಾರರ ಗಂಟಲೇನೂ ಕಟ್ಟಿರಲಿಲ್ಲ. ಲಾಳಿ ಎಸೆಯುತ್ತಲೇ ಹೇಳಿದ್ದರು. ಹಾಗಾಗಿ ಕೋಟಿನಲ್ಲಿ ಚುಕ್ಕಿ ಬೇಕಾಯಿತು ಎಂದರೆ ಆ ಕೋಟೇ ಬೇಡ, ಬೇರೆ ಹುಡುಕಿ ಎಂಬುದು ನನ್ನ ಹಟ.

ಮೂರನೆಯವನು ಸಮಾಧಾನದ ಮನುಷ್ಯ. “ಈಗ ಅವನೇ ಬಂದು ಕುಂದರ್ತೀನಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ.” ನಮ್ಮ ವರದಿಗಾರ್ತಿ ಇದನ್ನು ಹಿಡಿದುಕೊಂಡಳು. ಅವಳಿಗೆ ಅಳುಬುರುಕ ಲೇಖನ ಬೇಡವಾಗಿತ್ತು. ಅವಳ ಉದ್ದೇಶ ಒಳ್ಳೆಯದೇ, ಮಾತೂ ಪೂರ್ತಿ ವಾಕ್ಯ. ಆದರೂ ಇದು ಅರ್ಧ. ಮಗ್ಗದಲ್ಲಿ ಎಲ್ಲ ಚೆನ್ನಾಗಿದೆ, ಮಗ ಬರುವುದೊಂದೇ ತಡ ಎಂಬಂತೆ ಕೇಳಿಸುತ್ತದೆ. ಪೂರ್ತಿ ವಾಕ್ಯ ಎತ್ತಿದರೆ ಸಾಕು, ಮೋಸ ಇಲ್ಲ ಎಂದು ಎಷ್ಟೋ ಜನ ನಂಬಿದ್ದಾರೆ. ಮಾತಾಡುವವರಿಗೆ ಪೂರ್ಣವಿರಾಮ ಎಲ್ಲಿದೆ? ಅದನ್ನು ಇಡುವವರು ನಾವು. ರೈಲಿನಲ್ಲಿ ಕೂತು ಬರೆದುಕೊಳ್ಳುವಾಗ ನಾನು ಅಲ್ಲಿ ಚುಕ್ಕೆ ಇಟ್ಟೆ. ಅಲ್ಪವಿರಾಮ ಇಟ್ಟಿದ್ದರೂ ನಡೆಯುತ್ತಿತ್ತು. ‘ಆದ್ರ’ ಎಂದು ಶುರುವಾದ ಮುಂದಿನ ವಾಕ್ಯ ಅವರ ಮಟ್ಟಿಗೆ ಅದೇ ಮಾತಿನ ಉಳಿದರ್ಧ. ಟೇಪಿನಲ್ಲಿ ನಡುವೆ ಉಸಿರು ಕೂಡ ತೆಗೆದುಕೊಂಡಿಲ್ಲ.

ನಾಲ್ಕನೆಯವನೇ ಅಲ್ಲಿ ಕೂತಿದ್ದ ಮನುಷ್ಯ. “ಈಗ ಅವನೇ ಬಂದು ಕುಂದರ್ತೀನಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಕೂಲಿ ಹಿಂಗ ಇದ್ರ, ಅವನರ ಯಾಕ ಬರ್ತಾನ್ರಿ?” ಇದರಲ್ಲಿ ಅವರ ಮನಸ್ಸೂ ಇದೆ, ಕಟ್ಟಿಹಾಕಿದ್ದು ಯಾವುದು ಎಂಬುದೂ ಇದೆ. ಟೇಪಿನಲ್ಲಿ ಇದು ಒಂದೇ ಹರಿವು, ನಡುವಿನಿಂದ ಏನನ್ನೂ ಹಾರಿಸಿ ಜೋಡಿಸಿಲ್ಲ. ತೆಗೆದದ್ದು ಮೂರು ಚೂರು: ಎರಡು ಸಲ ಬಂದ ‘ಅವನೇ’ಯಲ್ಲಿ ಒಂದು, ಕೊನೆಯ ‘ನೋಡ್ರಿ’, ‘ಈಗ ಐತಲ್ಲ ಹಿಂಗ’ ಎಂಬ ಪುನರುಕ್ತಿ. ಇವುಗಳಿಗೆ ಚುಕ್ಕಿ ಹಾಕಲಿಲ್ಲ. ಮಾತಿನ ತಡವರಿಕೆಯನ್ನು ಒರೆಸುವುದು ಬೇರೆ, ಮಾತನ್ನೇ ಒರೆಸುವುದು ಬೇರೆ. ಮೂರನೆಯ ಚೂರಿನ ಬಗ್ಗೆ ಮಾತ್ರ ಸ್ವಲ್ಪ ಯೋಚಿಸಿದೆ. ‘ಈಗ ಐತಲ್ಲ ಹಿಂಗ’ ಎಂಬುದು ಕೂಲಿಯ ಮಾತನ್ನು ಸುಮ್ನೆ ಒಂದು ಊಹೆಯಲ್ಲ, ಇವತ್ತಿನ ಸ್ಥಿತಿ ಎಂದು ಒತ್ತಿ ಹೇಳುತ್ತದೆ. ಆದರೆ ‘ಹಿಂಗ’ ಎಂಬುದರಲ್ಲೇ ಅದು ಬಂದಿದೆ ಅನ್ನಿಸಿ ಬಿಟ್ಟೆ. ಬರೀ ‘ಕೂಲಿ ಇದ್ರ’ ಎಂದಿದ್ದರೆ ಬಿಡುತ್ತಿರಲಿಲ್ಲ.

ಕನ್ನಡದ ವಾಕ್ಯ ಎಲ್ಲಿ ಮುರಿಯುತ್ತದೆ

ಹೀಗೆ ಕತ್ತರಿ ಹಿಡಿದು ಕೂತಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ನಮ್ಮ ವಾಕ್ಯದಲ್ಲಿ ತೀರ್ಮಾನ ಕೊನೆಗೆ ಬರುತ್ತದೆ. ಅಲ್ಲ, ಇಲ್ಲ, ಅಂತಾರೆ, ಅನ್ನಂಗಿಲ್ಲ, ಎಲ್ಲ ಬಾಲದಲ್ಲಿ. “ಮಗ್ಗ ಕೆಟ್ಟದ್ದು ಅಂತ ಅಲ್ರಿ” ಎಂಬುದರ ಬಾಲ ಕತ್ತರಿಸಿದರೆ “ಮಗ್ಗ ಕೆಟ್ಟದ್ದು” ಎಂದು ಉಳಿಯುತ್ತದೆ. ನೋಡಲು ಚೊಕ್ಕ ವಾಕ್ಯ, ಅರ್ಥ ಮಾತ್ರ ತಲೆಕೆಳಗು. “ಕೈಮಗ್ಗದ ಕಾಲ ಮುಗೀತು ಅಂತ ಮಂದಿ ಅಂತಾರ” ಎಂಬುದರಲ್ಲಿ ‘ಅಂತ ಮಂದಿ ಅಂತಾರ’ ತೆಗೆದರೆ ಊರ ಮಂದಿಯ ಮಾತು ಇವರ ತಲೆಗೆ ಬರುತ್ತದೆ. ಜಾಗ ಕಡಿಮೆ ಬಿದ್ದಾಗ ನಮ್ಮ ಕೈ ತಾನಾಗಿ ಹೋಗುವುದು ಬಾಲದ ಕಡೆಗೇ. ಯಾಕೆಂದರೆ ಅಲ್ಲಿರುವ ಪದಗಳು ಸಪ್ಪೆಯಾಗಿ ಕಾಣುತ್ತವೆ.

ಹಾಗಾದರೆ ಮುಂದಿನಿಂದ ಕತ್ತರಿಸೋಣ ಎಂದರೆ ಅಲ್ಲೂ ಕಷ್ಟ. ಷರತ್ತು ಮುಂದೆ ಇರುತ್ತದೆ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಬೆಳೆಗಾರರೊಬ್ಬರು ಹೇಳಿದ್ದು ಹೆಚ್ಚುಕಮ್ಮಿ ಹೀಗಿತ್ತು: “ಮಳಿ ಸರಿ ಆಗಿ, ಕಾಯಿ ಚಲೋ ಒಣಗಿ, ಹೋದಾಗ ರೇಟ್ ಇದ್ರ, ಸಾಲ ತೀರತೈತ್ರಿ.” ಮೂರು ಷರತ್ತು ದಾಟಿ ಬರುವ ಒಂದು ಆಸೆ. ಮುಂದಿನದನ್ನು ಉದ್ದ ಎಂದು ಬಿಟ್ಟು ‘ಸಾಲ ತೀರತೈತ್ರಿ’ ಎಂದು ಹಾಕಿದರೆ ಆ ರೈತ ಖುಷಿಯಲ್ಲಿ ತೇಲುತ್ತಿದ್ದಾನೆ. ಎರಡೂ ತುದಿ ಮುಟ್ಟುವ ಹಾಗಿಲ್ಲ, ಅಂದರೆ ತೆಗೆಯಲು ಉಳಿದದ್ದು ನಡುವಿನ ತುಂಬುಮಾತು: ಏನಂತಾರ, ನೋಡ್ರಿ, ಅಂದ್ರ ಹಂಗಲ್ಲ, ಎರಡು ಸಲ ಬಂದ ಪದ. ಅದನ್ನೆಲ್ಲ ತೆಗೆದೂ ಉದ್ದ ಆಯಿತು ಎಂದರೆ ಆ ವಾಕ್ಯ ಕೋಟಿಗೆ ಹುಟ್ಟಿದ್ದಲ್ಲ. ಅದೇ ಸಂದರ್ಶನದಲ್ಲಿ ಅದೇ ಅರ್ಥವನ್ನು ಅವರೇ ಮತ್ತೆಲ್ಲೋ ಚಿಕ್ಕದಾಗಿ ಹೇಳಿರುತ್ತಾರೆ. ಮಂದಿ ಮುಖ್ಯ ಮಾತನ್ನು ಒಂದೇ ಸಲ ಹೇಳಿ ಸುಮ್ಮನಾಗುವುದಿಲ್ಲ. ಟೇಪಿನಲ್ಲಿ ಇನ್ನಷ್ಟು ಮುಂದೆ ಹೋಗಬೇಕು, ಅಷ್ಟೇ.

ಪದ ಬದಲಾಗಿದೆಯೋ ಇಲ್ಲವೋ ಎಂಬುದಕ್ಕಿಂತ ಅರ್ಥ ಬದಲಾಯಿತೇ ಎಂಬುದು ದೊಡ್ಡ ಪ್ರಶ್ನೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಒಂದು ಪ್ರಸಿದ್ಧ ಮೊಕದ್ದಮೆಯಲ್ಲಿ ಹೇಳಿತು. ಜೆಫ್ರಿ ಮ್ಯಾಸನ್ ಎಂಬ ಮನೋವಿಶ್ಲೇಷಕರು ‘ದಿ ನ್ಯೂಯಾರ್ಕರ್’ ಪತ್ರಿಕೆಯ ಮೇಲೆ, ಲೇಖಕಿ ಜಾನೆಟ್ ಮಾಲ್ಕಮ್ ಮೇಲೆ ಹೂಡಿದ್ದ ಮಾನನಷ್ಟ ದಾವೆ ಅದು. ತಾನು ಆಡದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದ್ದಾರೆ ಎಂಬುದು ಅವರ ದೂರು. ಆಡಿದ ಪದ ಬೇಕಂತಲೇ ಬದಲಿಸಿದ ಮಾತ್ರಕ್ಕೆ ಗೊತ್ತಿದ್ದೂ ಸುಳ್ಳು ಬರೆದಂತಾಗುವುದಿಲ್ಲ, ಅದರಿಂದ ಅರ್ಥದಲ್ಲಿ ಗಣನೀಯ ಬದಲಾವಣೆ ಆದರೆ ಮಾತ್ರ ಹಾಗೆ ಎಣಿಸಬಹುದು ಎಂದು ಕೋರ್ಟ್ ಹೇಳಿತು. ನಮ್ಮ ಕೋಟಿನದು ಇದರ ಮಗ್ಗುಲು ಬದಲಿಸಿದ ಸಮಸ್ಯೆ. ಇಲ್ಲಿ ಒಂದು ಪದವೂ ಬದಲಾಗಿಲ್ಲ, ಅರ್ಥ ಮಾತ್ರ ಬದಲಾಗಿದೆ. “ಅವರು ಅಂದಿದ್ದೇ ಹಾಕೇವಿ” ಎಂಬ ಸಮರ್ಥನೆ ಇಲ್ಲಿ ಕೆಲಸಕ್ಕೆ ಬಾರದು. ನಮ್ಮ ಪ್ರೆಸ್ ಕೌನ್ಸಿಲ್ಲಿನ ನಡವಳಿಕೆ ಸೂತ್ರಗಳಲ್ಲಿ, ಶೀರ್ಷಿಕೆಗೆ ಅದರ ಕೆಳಗಿನ ಬರಹ ಆಧಾರ ಕೊಡುವಂತಿರಬೇಕು ಎಂಬ ಮಾತಿದೆ. ಕೋಟನ್ನೂ ಹಾಗೆಯೇ ನೋಡಬೇಕು. ಅದು ಇನ್ನೊಬ್ಬರ ಬಾಯಲ್ಲಿ ಹೇಳಿಸಿದ ಶೀರ್ಷಿಕೆ ಅಲ್ವಾ?

ನಗು ಅಚ್ಚಾಗುವುದಿಲ್ಲ

ಧಾರವಾಡದ ಒಬ್ಬ ಹಿರಿಯ ಸಂಗೀತ ಶಿಕ್ಷಕಿಯ ಸಂದರ್ಶನ ಒಮ್ಮೆ ನನ್ನ ಮೇಜಿಗೆ ಬಂದಿತ್ತು. ಬೇರೆಯವರು ಮಾಡಿದ್ದು, ಕೋಟ್ ಕೂಡ ಅವರೇ ಆರಿಸಿದ್ದರು. “ನಾ ಏನ್ ಹಾಡ್ತೀನ್ರೀ, ಬರೇ ಒದರ್ತೀನಿ.” ಓದಿದಾಗ ಎಂಥ ವಿನಯ ಅನ್ನಿಸಿತು, ಸ್ವಲ್ಪ ಬೇಜಾರೂ ಆಯಿತು. ಟೇಪ್ ಕೇಳಿದರೆ ಕತೆಯೇ ಬೇರೆ. ಆ ಮಾತಿನ ಹಿಂದೆ ದೊಡ್ಡ ನಗು, ಒಳಗಿಂದ ಯಾರೋ “ಹೂಂ, ಓಣಿ ಮಂದಿ ಎಲ್ಲಾ ಅದನ್ನ ಅಂತಾರ” ಎಂದು ಕೂಗಿದ್ದು, ಇವರು ಮತ್ತೆ ನಕ್ಕಿದ್ದು. ಧಾರವಾಡದ ಮಂದಿ ತಮ್ಮನ್ನು ತಾವೇ ಆಡಿಕೊಳ್ಳುವುದರಲ್ಲಿ ಎತ್ತಿದ ಕೈ. ಆ ಧಾಟಿ ಗೊತ್ತಿದ್ದವರು ಲೇಖನದೊಳಗೆ ಅದನ್ನು ಓದಿ ನಗುತ್ತಾರೆ. ಅದನ್ನೇ 20 ಪಾಯಿಂಟ್ ಅಕ್ಷರದಲ್ಲಿ ಹಾಕಿದರೆ ಗಂಭೀರ ಹೇಳಿಕೆಯಾಗಿ ಕೂರುತ್ತದೆ. ತಮಾಷೆ, ವ್ಯಂಗ್ಯ, ಕೊಂಕು ಇವು ಸುತ್ತಲಿನ ಮಾತಿಲ್ಲದೆ ಬದುಕುವುದಿಲ್ಲ. ಅವನ್ನು ಕೋಟಿಗೆ ಎತ್ತಲೇಬಾರದು ಎಂದಲ್ಲ. ಆದರೆ ಕಾಗದದ ಮೇಲಿನ ಅಕ್ಷರ ನೋಡಿ ಆರಿಸಬಾರದು, ಟೇಪ್ ಕೇಳಿ ಆರಿಸಬೇಕು. ಆ ಕೋಟನ್ನು ಬದಲಾಯಿಸಿದೆವು.

ನಾಲ್ಕು ಸಾಲಿನ ಜಗಳ

ಮತ್ತೆ ಬೆಟಗೇರಿಗೆ. ಮಾತು ಆರಿಸಿದ ಮೇಲೆ ಅದು ಪುಟದಲ್ಲಿ ಕೂರಬೇಕು. ನಮ್ಮದು ಮೂರು ಕಾಲಂ ಪುಟ. ಲೇಖನ 11 ಪಾಯಿಂಟ್, ಕೋಟ್ 20. ಒಂದು ಕಾಲಂ ಅಗಲದಲ್ಲಿ ಆ ಗಾತ್ರದ ಕನ್ನಡ ಎರಡೋ ಮೂರೋ ಪದ ಹಿಡಿಸುತ್ತದೆ. ನಮ್ಮ ಪದಗಳು ಉದ್ದ, ಎಲ್ಲೆಂದರಲ್ಲಿ ಮುರಿಯಲು ಬರುವುದಿಲ್ಲ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗವೂ ಬೇಕು. ಹದಿನೈದು ಪದದ ಕೋಟ್ ನಾಲ್ಕು ಸಾಲಿಗೆ ಕೂರಲಿಲ್ಲ, ಆರಾಯಿತು. “ಈ ‘ಈಗ’ ತಗದು, ‘ಆದ್ರ’ ತಗದ್ರ ಸರಿ ಹೋಗತೈತ್ರಿ ಸರ್” ಎಂದ ವಿನ್ಯಾಸದ ಹುಡುಗ. ಅವನ ಕಣ್ಣಿಗೆ ಅವು ಎರಡು ಸಣ್ಣ ಪದ. ‘ಈಗ’ ತೆಗೆದರೆ ಮೊದಲು ಬೇರೆ ಥರ ಹೇಳಿದ್ದರು ಎಂಬ ಸುಳಿವು ಹೋಗುತ್ತದೆ. ‘ಆದ್ರ’ ತೆಗೆದರೆ ಎರಡು ವಾಕ್ಯದ ನಡುವಿನ ಕೀಲೇ ಹೋಗುತ್ತದೆ. ಕೊನೆಗೆ ಅಕ್ಷರವನ್ನು 18ಕ್ಕೆ ಇಳಿಸಿ, ಪೆಟ್ಟಿಗೆಯನ್ನು ಪಕ್ಕದ ಕಾಲಮ್ಮಿಗೆ ಸ್ವಲ್ಪ ಚಾಚಿದೆವು. ಮಾತನ್ನು ಜಾಗಕ್ಕೆ ತಕ್ಕಂತೆ ಕತ್ತರಿಸುವ ಮುಂಚೆ ಜಾಗವನ್ನು ಮಾತಿಗೆ ತಕ್ಕಂತೆ ಕತ್ತರಿಸಲು ಆಗುತ್ತದೆಯೇ ನೋಡಿ ಎಂದು ಅವನಿಗೆ ಹೇಳಿದೆ. ಅವನಿಗೆ ಅಷ್ಟೇನೂ ಹಿಡಿಸಲಿಲ್ಲ.

‘ಅವನೇ’ ಅಂದರೆ ಯಾರು ಎಂಬುದೂ ಇತ್ತು. ಪುಟ ತಿರುವುವವರಿಗೆ ಅದು ಮಗನ ಬಗ್ಗೆ ಆಡಿದ ಮಾತು ಎಂದು ಗೊತ್ತಾಗುವುದು ಹೇಗೆ? ಚೌಕ ಕಂಸದಲ್ಲಿ ‘ಮಗ’ ಎಂದು ಸೇರಿಸುವುದು ಒಂದು ಪದ್ಧತಿ. ದೊಡ್ಡ ಅಕ್ಷರದಲ್ಲಿ ಅದು ವಕೀಲರ ಕಾಗದದಂತೆ ಕಾಣುತ್ತದೆ. ಸುಲಭದ ದಾರಿ, ಕೆಳಗಿನ ಹೆಸರಿನ ಸಾಲಿನಲ್ಲಿ ಹೇಳುವುದು. ಕೋಟ್ ಹಾಗೇ ಬಿಟ್ಟು, ಅದರ ಕೆಳಗೆ ಸಣ್ಣಕ್ಷರದಲ್ಲಿ ಹೆಸರು, ಊರು, ‘ಮಗನ ಬಗ್ಗೆ’ ಎಂದು ಹಾಕಿದೆವು. ಈ ಸಾಲು ನಮ್ಮದು, ಅಲ್ಲಿ ನಮ್ಮ ಮಾತು ಸೇರಿಸಬಹುದು. ಕೋಟಿನೊಳಗೆ ಆಗುವುದಿಲ್ಲ.

ಇನ್ನೊಂದು ಅಪಾಯ ಕರಡಿನಲ್ಲಿ ಕಾದಿತ್ತು. ಪ್ರೂಫ್ ನೋಡುವವರು ಶಿಸ್ತಿನ ಮನುಷ್ಯ. ಲೇಖನದೊಳಗೆ ‘ಅವನರ’ ಇದ್ದದ್ದನ್ನು ‘ಅವನು’ ಎಂದೂ, ‘ಬ್ಯಾಡ’ವನ್ನು ‘ಬೇಡ’ ಎಂದೂ ತಿದ್ದಿದ್ದರು. ಪೆಟ್ಟಿಗೆಯಲ್ಲಿ ಹಳೆಯದೇ ಇತ್ತು. ಒಬ್ಬರೇ ಮನುಷ್ಯ ಒಳಗೆ ಪಠ್ಯಪುಸ್ತಕದ ಹಾಗೆ, ಪೆಟ್ಟಿಗೆಯಲ್ಲಿ ಮಾತ್ರ ಆಡುಮಾತಿನಲ್ಲಿ ಮಾತಾಡುತ್ತಿದ್ದರು. ನೇಕಾರರ ಮಾತು ಆಡುನುಡಿಯಲ್ಲಿ, ಪಕ್ಕದ ಲೇಖನದ ಪ್ರೊಫೆಸರ್ ಮಾತು ಶುದ್ಧ ಬರಹದಲ್ಲಿ ಎಂದಾದರೆ ಅದೂ ಒಂದು ಬಗೆಯ ತಿರುಚುವಿಕೆಯೇ. ಪ್ರೊಫೆಸರೂ ಮನೆಯಲ್ಲಿ ‘ಬ್ಯಾಡ’ ಅನ್ನುವವರೇ. ಎರಡು ಕಡೆಯೂ ಆಡಿದಂತೆಯೇ ಇಟ್ಟೆವು. ಅದಕ್ಕೇ ಕೋಟನ್ನು ಮೊದಲ ಕರಡಿನಿಂದ ಎತ್ತಬಾರದು, ತಿದ್ದಿ ಮುಗಿದ ಲೇಖನದಿಂದ ಎತ್ತಬೇಕು. ಮುದ್ರಣಕ್ಕೆ ಹೋಗುವ ಮುಂಚೆ ಮತ್ತೊಮ್ಮೆ ಒಳಗಿನ ವಾಕ್ಯದ ಜತೆ ಇಟ್ಟು ನೋಡಬೇಕು. ಜಾಹೀರಾತು ಬಂದು ಕೊನೆಯಲ್ಲಿ ಎರಡು ಪ್ಯಾರಾ ಹಾರಿದಾಗ ಹಾರಿದ್ದು ಕೋಟಿನ ಮೂಲ ಪ್ಯಾರಾವೇ ಆಗಿದ್ದನ್ನು ನಾನು ನೋಡಿದ್ದೇನೆ. ಆಗ ಪೆಟ್ಟಿಗೆಯ ಮಾತಿಗೆ ಲೇಖನದಲ್ಲಿ ತಾಯಿಬೇರೇ ಇರುವುದಿಲ್ಲ.

ಕೊನೆಗೆ ಎರಡು ಪರೀಕ್ಷೆ ಮಾಡಿದೆವು. ಲೇಖನ ಓದಿರದ ಲೆಕ್ಕಪತ್ರ ವಿಭಾಗದ ಮೇಡಂಗೆ ಕೋಟ್ ಒಂದನ್ನೇ ತೋರಿಸಿ, “ಇವರು ಏನಂತಾರ್ರಿ?” ಎಂದು ಕೇಳಿದೆ. “ಮಗ ಬಂದ್ರ ಬರ್ಲಿ ಅಂತಾರ, ಆದ್ರ ರೊಕ್ಕ ಸಾಲಂಗಿಲ್ಲ” ಎಂದರು. ಟೇಪಿನಲ್ಲಿದ್ದದ್ದೂ ಅದೇ. ಮೊದಲನೆಯ ಕೋಟನ್ನೂ ತೋರಿಸಿದೆ. “ಪಾಪ, ಮಗ್ಗ ಸಾಕಾಗೇತಿ ಅವರಿಗೆ” ಎಂದರು. ಸಂಪಾದಕರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಅಲ್ಲಿಗೆ ಆ ವಾದ ಮುಗಿಯಿತು.

ಎರಡನೆಯದು, ನೇಕಾರರಿಗೇ ಫೋನ್ ಮಾಡಿ ಓದಿ ಹೇಳುವುದು. ಇದನ್ನು ಒಪ್ಪದ ಪತ್ರಕರ್ತರು ತುಂಬ ಇದ್ದಾರೆ. ಒಮ್ಮೆ ತೋರಿಸಿದರೆ ಲೇಖನ ಪೂರ್ತಿ ತಿದ್ದಲು ಕೂರುತ್ತಾರೆ ಎಂಬ ಭಯ. ರಾಜಕಾರಣಿಗಳ ವಿಷಯದಲ್ಲಿ ಅದು ನಿಜ, ಅವರಿಗೆ ನಾನೂ ಓದಿ ಹೇಳುವುದಿಲ್ಲ. ಆದರೆ ಪತ್ರಿಕೆಯ ಜತೆ ವ್ಯವಹರಿಸಿ ಗೊತ್ತಿಲ್ಲದವರಿಗೆ, ಅವರ ಹೆಸರಿನ ಮೇಲೆ ದಪ್ಪಕ್ಷರದಲ್ಲಿ ಹೋಗುವ ಆ ಎರಡು ವಾಕ್ಯವನ್ನಾದರೂ ಓದಿ ಹೇಳಬೇಕು ಅನ್ನಿಸುತ್ತದೆ. ಒಪ್ಪಿಗೆ ಕೇಳಲು ಅಲ್ಲ, ತಪ್ಪಾಗಿ ಕೇಳಿಸಿಕೊಂಡಿದ್ದೇವೆಯೇ ಎಂದು ನೋಡಲು.

ವರದಿಗಾರ್ತಿಯೇ ಓದಿದಳು. ಆ ಕಡೆ ಮಗ್ಗದ ಸದ್ದು ನಿಂತಿತು. “ಹೂಂ, ಬರೋಬ್ಬರಿ ಐತವಾ” ಎಂದರು. ಸ್ವಲ್ಪ ತಡೆದು, “ಕೂಲಿ ಎಷ್ಟಂತ ಒಳಗ ಬರದೀಯಿಲ್ಲ? ಹಿಂಗ ಅಂದ್ರ ಹೆಂಗ ಅಂತ ಮಂದಿಗೆ ತಿಳೀಬೇಕಲ್ಲ” ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ಲೇಖನದಲ್ಲಿ ಕೂಲಿಯ ಲೆಕ್ಕ ಇತ್ತು, ಆದರೆ ಕೊನೆಯ ಪುಟದಲ್ಲಿ. ಆ ಪ್ಯಾರಾವನ್ನು ಎತ್ತಿ ಪೆಟ್ಟಿಗೆ ಇರುವ ಪುಟಕ್ಕೇ ತಂದೆವು. ವಿನ್ಯಾಸದ ಹುಡುಗ ಮತ್ತೆ ಮೊದಲಿಂದ ಸಾಲು ಜೋಡಿಸಬೇಕಾಯಿತು.